ಲಕೋಟೆ ಯಾರ ಕೈಯಲ್ಲಿ?



ವೃತ್ತಿಯ ನೀತಿ, ಅಪ್ರಿಯವಾದದ್ದನ್ನು ಎತ್ತಿ ಹೇಳುವ ಧೈರ್ಯ ಎಂಬುದು ನನಗೆ ಕೊಟ್ಟ ವಿಷಯ. ನೀತಿಸಂಹಿತೆಯ ಪುಸ್ತಕವನ್ನು ಈ ವರ್ಷ ಆರ್ಟಿಕಲ್‌ಶಿಪ್‌ಗೆ ಸೇರಿರುವ ನೀವು ಪರೀಕ್ಷೆಗಾಗಿ ಹೇಗೂ ಓದುತ್ತೀರಿ, ಅದನ್ನು ಇಲ್ಲಿ ನಿಂತು ಒಪ್ಪಿಸುವುದು ನನ್ನ ಕೆಲಸವಲ್ಲ. ಅದರ ಬದಲು ಒಂದೇ ಒಂದು ಕಾಗದದ ಬಗ್ಗೆ ಮಾತಾಡುತ್ತೇನೆ: ಬ್ಯಾಂಕಿನಿಂದ ಬರುವ ಬಾಕಿ ದೃಢೀಕರಣ ಪತ್ರ, ನಮ್ಮ ಆಫೀಸಿನ ಬಾಯಲ್ಲಿ 'ಬ್ಯಾಂಕ್ ಕನ್ಫರ್ಮೇಶನ್'. ಇದನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಆಡಿಟ್ ಫೈಲಿನಲ್ಲಿ ಪಾರ್ಟ್‌ನರ್ ಸಹಿ ಮಾಡುವ ಕಾಗದಗಳು ಹಲವು, ಮ್ಯಾನೇಜರ್ ಬರೆಯುವವು ಇನ್ನೂ ಹಲವು. ಆದರೆ ಈ ಪತ್ರ ಬಹುತೇಕ ಕಡೆ ಆರ್ಟಿಕಲ್‌ಗಳ ಕೈಯಲ್ಲೇ ಹುಟ್ಟಿ, ಅವರ ಕೈಯಲ್ಲೇ ಫೈಲು ಸೇರುತ್ತದೆ. ಸೇರಿದ ಮೊದಲ ತಿಂಗಳಲ್ಲೇ ನಿಮಗೆ ಸಿಗುವ ಕೆಲಸ ಇದು. ನಮ್ಮ ದೇಶದ ಕಾರ್ಪೊರೇಟ್ ಚರಿತ್ರೆಯ ಅತಿ ದೊಡ್ಡ ಲೆಕ್ಕದ ವಂಚನೆಯೊಂದು ಬಚಾವಾಗುತ್ತ ಬಂದದ್ದೂ ಇದೇ ಕಾಗದದ ಮರೆಯಲ್ಲಿ.

2009ರ ಜನವರಿ 7ರಂದು ಹೈದರಾಬಾದಿನ ಸತ್ಯಂ ಕಂಪ್ಯೂಟರ್ ಸರ್ವೀಸಸ್‌ನ ಅಧ್ಯಕ್ಷ ಬಿ. ರಾಮಲಿಂಗ ರಾಜು ತಮ್ಮ ನಿರ್ದೇಶಕ ಮಂಡಳಿಗೆ ಒಂದು ಪತ್ರ ಬರೆದರು. ನಿಮ್ಮಲ್ಲಿ ಹಲವರು ಆಗ ಇನ್ನೂ ಕೂಸುಗಳು. 2008ರ ಸೆಪ್ಟೆಂಬರ್ 30ರ ಲೆಕ್ಕಪತ್ರದಲ್ಲಿ 5,361 ಕೋಟಿ ರೂಪಾಯಿ ನಗದು ಮತ್ತು ಬ್ಯಾಂಕ್ ಬಾಕಿ ಇದೆ ಎಂದು ಬರೆದಿದ್ದರೂ ಅದರಲ್ಲಿ 5,040 ಕೋಟಿ ಇಲ್ಲವೇ ಇಲ್ಲ ಎಂದು ಆ ಪತ್ರದಲ್ಲಿ ಒಪ್ಪಿಕೊಂಡಿದ್ದರು. ಅದರ ಕೆಳಗಿನ ಇನ್ನೊಂದು ಸಾಲಿನ ಕಡೆ ಜನರ ಗಮನ ಅಷ್ಟಾಗಿ ಹೋಗುವುದಿಲ್ಲ: ಬರಬೇಕಾದ ಬಡ್ಡಿ ಎಂದು ತೋರಿಸಿದ್ದ 376 ಕೋಟಿಯೂ ಇಲ್ಲ. ಈ ಎರಡನೆಯ ಅಂಕಿಯನ್ನು ನೆನಪಿಟ್ಟುಕೊಳ್ಳಿ. ಇಲ್ಲದ ಠೇವಣಿಯ ಮೇಲೆ ಬಡ್ಡಿಯನ್ನು ಪುಸ್ತಕದಲ್ಲಿ ಬರೆಯಬಹುದು, ಆದರೆ ಅದು ಬ್ಯಾಂಕ್ ಖಾತೆಗೆ ಬಂದು ಬೀಳುವುದಿಲ್ಲ. ಹಾಗಾಗಿ 'ಬರಬೇಕಾದ ಬಡ್ಡಿ' ಎಂಬ ತಲೆಬರಹದ ಕೆಳಗೆ ವರ್ಷದಿಂದ ವರ್ಷಕ್ಕೆ ಊದಿಕೊಳ್ಳುತ್ತ ಕೂತಿರುತ್ತದೆ. ಸುಳ್ಳಿಗೆ ಸಂಗಾತಿಯಾಗಿ ಇನ್ನೊಂದು ಸುಳ್ಳು ಬರಲೇಬೇಕು. ಆಡಿಟರ್‌ಗೆ ಹಿಡಿಯಲು ಸಿಗುವುದು ಹೆಚ್ಚಾಗಿ ಆ ಸಂಗಾತಿಯೇ.

ಇಷ್ಟು ದೊಡ್ಡ ಮೊತ್ತ ಬ್ಯಾಂಕಿನಲ್ಲಿ ಇಲ್ಲ ಎಂಬುದು ಆಡಿಟರ್‌ಗಳಿಗೆ ಹೇಗೆ ತಿಳಿಯಲಿಲ್ಲ? ಸತ್ಯಂ ಷೇರುಗಳು ನ್ಯೂಯಾರ್ಕ್‌ನಲ್ಲೂ ವಹಿವಾಟಾಗುತ್ತಿದ್ದರಿಂದ ಅಮೆರಿಕದ ಷೇರುಪೇಟೆ ನಿಯಂತ್ರಕ ಎಸ್‌ಇಸಿ ಕೂಡ ತನಿಖೆ ಮಾಡಿತು. 2011ರ ಏಪ್ರಿಲ್‌ನಲ್ಲಿ ಬಂದ ಅದರ ಆದೇಶದಲ್ಲಿ ಉತ್ತರವಿದೆ, ಅದು ನಾಚಿಕೆಯಾಗುವಷ್ಟು ಸರಳ. ಬ್ಯಾಂಕ್‌ಗಳಿಗೆ ಹೋಗಬೇಕಾದ ದೃಢೀಕರಣ ಪತ್ರಗಳನ್ನು ಆಡಿಟ್ ತಂಡ ತಾನೇ ಕಳಿಸಲಿಲ್ಲ, ಬಂದ ಉತ್ತರಗಳನ್ನು ತಾನೇ ಪಡೆಯಲಿಲ್ಲ. ಕಳಿಸುವುದನ್ನೂ ತರುವುದನ್ನೂ ಕಂಪನಿಯ ಆಡಳಿತಕ್ಕೇ ಬಿಟ್ಟಿತ್ತು. ಕಂಪನಿ ತಂದುಕೊಟ್ಟ ಉತ್ತರಗಳು ನಕಲಿ. ಇದಕ್ಕಿಂತ ಕಹಿಯಾದ ಸಂಗತಿಯೆಂದರೆ, ಕೆಲವು ಬ್ಯಾಂಕ್‌ಗಳಿಂದ ನೇರವಾಗಿ ಬಂದ ಉತ್ತರಗಳಿಗೂ ಕಂಪನಿ ಕೊಟ್ಟ ಅಂಕಿಗಳಿಗೂ ಭಾರೀ ವ್ಯತ್ಯಾಸವಿತ್ತು, ಆದರೂ ಅದನ್ನು ಬೆನ್ನುಹತ್ತಲಿಲ್ಲ. ಪ್ರೈಸ್ ವಾಟರ್‌ಹೌಸ್‌ನ ಭಾರತೀಯ ಸಂಸ್ಥೆಗಳು ಎಸ್‌ಇಸಿ ಹಾಗೂ ಅಲ್ಲಿನ ಆಡಿಟ್ ಮೇಲ್ವಿಚಾರಣಾ ಮಂಡಳಿಗೆ ಒಟ್ಟು 75 ಲಕ್ಷ ಡಾಲರ್ ದಂಡ ಕಟ್ಟಿದವು. ಎಸ್‌ಇಸಿಯ ಆರೋಪಗಳನ್ನು ಒಪ್ಪದೆಯೂ ನಿರಾಕರಿಸದೆಯೂ ಆದ ಇತ್ಯರ್ಥ ಅದು. ಪತ್ರವನ್ನು ಕ್ಲೈಂಟ್ ಕೈಗೆ ಕೊಡುವ ಅಭ್ಯಾಸ ಸತ್ಯಂ ಒಂದಕ್ಕೇ ಸೀಮಿತವಾಗಿರಲಿಲ್ಲ ಎಂದೂ ಆದೇಶ ಹೇಳಿತು.

ಈ ಕಥೆ ನಮ್ಮ ದೇಶಕ್ಕೇ ಮೀಸಲಲ್ಲ. 2003ರಲ್ಲಿ ಇಟಲಿಯ ಪಾರ್ಮಲಾಟ್ ಎಂಬ ಹಾಲಿನ ಕಂಪನಿ ಕುಸಿದಾಗ, ಬ್ಯಾಂಕ್ ಆಫ್ ಅಮೆರಿಕದಲ್ಲಿ ಅದರ ಅಂಗಸಂಸ್ಥೆಗೆ ಇದೆ ಎಂದಿದ್ದ 395 ಕೋಟಿ ಯೂರೋ ಇರಲೇ ಇಲ್ಲ. ಬಾಕಿ ಇದೆ ಎಂದಿದ್ದ ಪತ್ರ ನಕಲಿ. 2020ರಲ್ಲಿ ಜರ್ಮನಿಯ ವೈರ್‌ಕಾರ್ಡ್ ಕಂಪನಿಯ 190 ಕೋಟಿ ಯೂರೋ ಫಿಲಿಪ್ಪೀನ್ಸ್‌ನ ಎರಡು ಬ್ಯಾಂಕ್‌ಗಳಲ್ಲಿದೆ ಎಂದು ಹೇಳಲಾಗಿತ್ತು, ಆ ಬ್ಯಾಂಕ್‌ಗಳು ಅಂಥ ಖಾತೆಯೇ ಇಲ್ಲವೆಂದವು. ಹದಿನೇಳು ವರ್ಷಗಳ ಅಂತರದಲ್ಲಿ ಮೂರು ದೇಶ, ಮೂರು ಬೇರೆ ಬೇರೆ ದೊಡ್ಡ ಆಡಿಟ್ ಸಂಸ್ಥೆಗಳು, ಒಂದೇ ಜಾತಿಯ ಕಾಗದ.

ಸರಿಯಾದ ಕ್ರಮ ನಿಮಗೆ ಗೊತ್ತು, ಗೊತ್ತಿಲ್ಲದವರು ಎಸ್‌ಎ 505 ಓದಿ. ಕೋರಿಕೆಯ ಪತ್ರ ಕ್ಲೈಂಟಿನ ಲೆಟರ್‌ಹೆಡ್‌ನಲ್ಲಿರುತ್ತದೆ, ಅವರ ಅಧಿಕೃತ ಸಹಿ ಇರುತ್ತದೆ. ತನ್ನ ಗ್ರಾಹಕರ ಮಾಹಿತಿಯನ್ನು ಬ್ಯಾಂಕ್ ಮೂರನೆಯವರಿಗೆ ಕೊಡಬೇಕಾದರೆ ಗ್ರಾಹಕರ ಒಪ್ಪಿಗೆ ಬೇಕಲ್ಲ, ಅದಕ್ಕೆ. ಸಹಿಯಾದ ಮೇಲೆ ಪತ್ರ ಮತ್ತೆ ನಿಮ್ಮ ಕೈಗೆ ಬರಬೇಕು. ಶಾಖೆಯ ವಿಳಾಸವನ್ನು ಕ್ಲೈಂಟ್ ಕೊಟ್ಟ ಪಟ್ಟಿಯಿಂದ ತೆಗೆದುಕೊಳ್ಳದೆ ಬ್ಯಾಂಕಿನ ವೆಬ್‌ಸೈಟಿನಲ್ಲಿ ನೋಡಿ ಬರೆಯಬೇಕು. ಅಂಚೆಗೋ ಕೊರಿಯರ್‌ಗೋ ಹಾಕುವವರು ನೀವು. ಉತ್ತರ ನಮ್ಮ ಆಫೀಸಿಗೆ, ಅಥವಾ ಬ್ಯಾಂಕಿನ ಅಧಿಕೃತ ಇಮೇಲಿನಿಂದ ನಮ್ಮ ಇಮೇಲಿಗೆ ನೇರವಾಗಿ ಬರಬೇಕು. ಜಿಮೇಲ್ ವಿಳಾಸದಿಂದ ಬ್ಯಾಂಕ್ ಮ್ಯಾನೇಜರ್ ಉತ್ತರಿಸಿದರೆ ಅದು ಉತ್ತರವೇ ಅಲ್ಲ. ಕ್ರಮ ಇಷ್ಟೇ. ಇದರಲ್ಲಿ ಧೈರ್ಯದ ಮಾತೆಲ್ಲಿ ಬಂತು ಎಂದು ಕೇಳುತ್ತೀರಿ.

ಹೇಳುತ್ತೇನೆ. ಕ್ಲೈಂಟಿನ ಅಕೌಂಟ್ಸ್ ವಿಭಾಗದಲ್ಲಿ ಕೂತಿದ್ದೀರಿ. ಇಪ್ಪತ್ತೈದು ವರ್ಷ ಅಲ್ಲೇ ಕೆಲಸ ಮಾಡಿದ, ಮಧ್ಯಾಹ್ನ ನಿಮಗೂ ಊಟ ತರಿಸುವ, ನಿಜಕ್ಕೂ ಒಳ್ಳೆಯವರಾದ ಹಿರಿಯ ಅಕೌಂಟೆಂಟ್ ಬಂದು ಹೇಳುತ್ತಾರೆ: "ಯಾಕಮ್ಮ ಅಲ್ಲೀವರ್ಗೂ ಹೋಗ್ತೀಯ? ನಮ್ಮ ಹುಡುಗ ದಿನಾ ಬ್ಯಾಂಕಿಗೆ ಹೋಗ್ತಾನೆ, ಸೀಲ್ ಹಾಕಿಸ್ಕೊಂಡು ಬರ್ತಾನೆ ಬಿಡು. ಹೋದ ವರ್ಷ ಬಂದಿದ್ದೋರೂ ಹಾಗೇ ಮಾಡಿದ್ರು." ಹೊರಗೆ ಬಿಸಿಲು. ಬ್ಯಾಂಕ್ ಶಾಖೆಯವರು ಏಪ್ರಿಲ್‌ನಲ್ಲಿ ಕಳಿಸಿದ ಪತ್ರಕ್ಕೆ ಜೂನ್ ಬಂದರೂ ಉತ್ತರಿಸಿಲ್ಲ. ಮ್ಯಾನೇಜರ್ ಫೋನ್ ಮಾಡಿ 'ಆ ಬ್ಯಾಂಕಿನ ಕೆಲಸ ಇನ್ನೂ ಬಾಕಿ ಯಾಕೆ' ಎಂದು ಕೇಳುತ್ತಿದ್ದಾರೆ. ಈ ಹೊತ್ತಿನಲ್ಲಿ "ಇಲ್ಲ ಸರ್, ನಾನೇ ಕಳಿಸ್ಬೇಕು" ಎನ್ನುವುದು ಆ ಹಿರಿಯರನ್ನು ಅನುಮಾನಿಸಿದಂತೆ ಕೇಳುತ್ತದೆ. ನಮ್ಮ ಮನೆಗಳಲ್ಲಿ ಹಿರಿಯರ ಮಾತಿಗೆ ಹೀಗೆ ಎದುರಾಡಿ ಬೆಳೆದವರಲ್ಲ ನಾವು. ನೀತಿಯ ಪ್ರಶ್ನೆ ಮೊದಲು ಬರುವುದು ಹೀಗೆ, ಮರ್ಯಾದೆಯ ವೇಷದಲ್ಲಿ. ಲಂಚದ ಲಕೋಟೆ ಬಂದರೆ ಎಲ್ಲರಿಗೂ ಗುರುತು ಸಿಗುತ್ತದೆ. ಬ್ಯಾಂಕಿನ ಲಕೋಟೆ ಇನ್ನೊಬ್ಬರ ಕೈಗೆ ಜಾರಿದ್ದು ಯಾರಿಗೂ ಗೊತ್ತಾಗುವುದಿಲ್ಲ.

ಅವರಿಗೆ ಏನು ಹೇಳಬೇಕು? "ಸರ್, ನಿಮ್ಮ ಮೇಲೆ ಅನುಮಾನ ಅಲ್ಲ. ನಿಮ್ಮ ಕೈಯಿಂದ ಬಂದ ಪತ್ರಕ್ಕೆ ನಮ್ಮ ಫೈಲಲ್ಲಿ ಬೆಲೆ ಇಲ್ಲ, ಮತ್ತೆ ತರಿಸ್ಬೇಕಾಗತ್ತೆ." ಇದು ಸತ್ಯ, ಇದರಲ್ಲಿ ಯಾರಿಗೂ ಅವಮಾನವಿಲ್ಲ. ದೂರನ್ನು ನಿಮ್ಮ ಮೇಲೆ ಹಾಕಿಕೊಳ್ಳದೆ ನಮ್ಮ ಫರ್ಮಿನ ಮೇಲೆ, ನನ್ನ ಮೇಲೆ ಹಾಕಿ. "ನಮ್ಮ ಪಾರ್ಟ್‌ನರ್ ಬಹಳ ಕಟ್ಟುನಿಟ್ಟು ಸರ್, ಬೈತಾರೆ" ಎಂದರೂ ಅಡ್ಡಿಯಿಲ್ಲ. ನಾವು ಸಂಬಳ ತೆಗೆದುಕೊಳ್ಳುವುದರಲ್ಲಿ ಒಂದು ಭಾಗ ಆ ಬೈಗುಳಕ್ಕೇ.

ಈಗ ಒಂದು ಲೆಕ್ಕ ಮಾಡೋಣ. ಕಂಪನಿ ನಾನು ಪಾಠಕ್ಕಾಗಿ ಕಟ್ಟಿದ್ದು, ಯಾರನ್ನೂ ಹುಡುಕಲು ಹೋಗಬೇಡಿ. ಪುಸ್ತಕದ ಪ್ರಕಾರ ಒಂದು ಬ್ಯಾಂಕಿನಲ್ಲಿ 40 ಕೋಟಿ ರೂಪಾಯಿ ನಿಶ್ಚಿತ ಠೇವಣಿ, ಇಡೀ ವರ್ಷ ಅಷ್ಟೇ ಮೊತ್ತ, ಶೇ 7ರ ಬಡ್ಡಿ. ವರ್ಷದ ಬಡ್ಡಿ ಆದಾಯ 2.8 ಕೋಟಿ ಎಂದು ಬರೆದಿದ್ದಾರೆ, ಗುಣಾಕಾರ ಸರಿಯಾಗಿದೆ. ಎಫ್‌ಡಿ ರಸೀದಿಗಳ ಜೆರಾಕ್ಸ್ ಇದೆ. ಬ್ಯಾಂಕಿನ ಸೀಲು ಬಿದ್ದ ದೃಢೀಕರಣ ಪತ್ರವೂ ಇದೆ, ಅದರಲ್ಲೂ 40 ಕೋಟಿ. ಚೆಕ್‌ಲಿಸ್ಟಿನಲ್ಲಿ ಟಿಕ್ ಹಾಕಿ ಮುಂದೆ ಹೋಗಬಹುದು. ಆದರೆ ಪತ್ರ ಬಂದದ್ದು ಅಕೌಂಟೆಂಟ್ ಕೈಯಿಂದ.

ಇಲ್ಲಿ ನಮಗೆ ಹೊರಗಿನ ಒಬ್ಬ ಸಾಕ್ಷಿ ಬೇಕು, ಕಂಪನಿಯ ಕೈ ತಲುಪದ ಸಾಕ್ಷಿ. ಬ್ಯಾಂಕ್ ಬಡ್ಡಿ ಕೊಡುವಾಗ ಶೇ 10 ಟಿಡಿಎಸ್ ಮುರಿದುಕೊಂಡು ಸರ್ಕಾರಕ್ಕೆ ಕಟ್ಟುತ್ತದೆ, ಅದು ಕಂಪನಿಯ ಪಾನ್ ಸಂಖ್ಯೆಯ ಅಡಿ ಆದಾಯ ತೆರಿಗೆ ಇಲಾಖೆಯ 26ಎಎಸ್‌ನಲ್ಲಿ ಕಾಣುತ್ತದೆ. ಕೈಗೆ ಹಣ ಬಾರದ, ಕೊನೆಯಲ್ಲಿ ಒಟ್ಟಿಗೆ ಸಿಗುವ ಠೇವಣಿಯಾದರೂ ವರ್ಷವರ್ಷದ ಬಡ್ಡಿಗೆ ಟಿಡಿಎಸ್ ಮುರಿಯುವುದು ತಪ್ಪುವುದಿಲ್ಲ. 2.8 ಕೋಟಿ ಬಡ್ಡಿಗೆ 28 ಲಕ್ಷ ಟಿಡಿಎಸ್ ಇರಬೇಕು. ಕಂಪನಿಯವರು ಕೊಟ್ಟ ಪಿಡಿಎಫ್ ಸಾಲದು. ಇಲಾಖೆಯ ಪೋರ್ಟಲನ್ನು ನಿಮ್ಮ ಕಣ್ಣೆದುರೇ ತೆರೆಸಿ ನೋಡಿ. ತೆರೆದಾಗ ಆ ಬ್ಯಾಂಕಿನ ಹೆಸರಿನ ಮುಂದೆ 7 ಲಕ್ಷ ಇದೆ ಎಂದುಕೊಳ್ಳಿ. 7 ಲಕ್ಷ ಟಿಡಿಎಸ್ ಎಂದರೆ ಬ್ಯಾಂಕ್ ಕೊಟ್ಟ ಬಡ್ಡಿ 70 ಲಕ್ಷ. ಶೇ 7ರಂತೆ 70 ಲಕ್ಷ ಬಡ್ಡಿ ಬರಬೇಕಾದರೆ ಅಸಲು 10 ಕೋಟಿ. ಉಳಿದ 30 ಕೋಟಿ ಎಲ್ಲಿ?

ಇಷ್ಟು ಸಿಕ್ಕಮೇಲೆ ಅಕ್ಕಪಕ್ಕವೂ ನೋಡಬೇಕು. 2.8 ಕೋಟಿಯಲ್ಲಿ 2.1 ಕೋಟಿ 'ಬರಬೇಕಾದ ಬಡ್ಡಿ'ಯಾಗಿಯೇ ಉಳಿದಿದೆಯೇ? ಪುಸ್ತಕದಲ್ಲಿ 'ಮರಳಿ ಬರಬೇಕಾದ ಟಿಡಿಎಸ್' ಎಂದು ಹಿಂದಿನ ವರ್ಷಗಳದ್ದೂ ಕದಲದೆ ಕೂತಿದೆಯೇ? ಇಲಾಖೆ ತನ್ನ ದಾಖಲೆಯಲ್ಲಿ ಇಲ್ಲದ ಟಿಡಿಎಸ್‌ಗೆ ಹಣ ಕೊಡುವುದಿಲ್ಲವಾದ್ದರಿಂದ ಸುಳ್ಳು ಟಿಡಿಎಸ್ ಪುಸ್ತಕದಲ್ಲೇ ಹಳತಾಗುತ್ತದೆ. ಇದೇ ಕಂಪನಿ ಇನ್ನೊಂದು ಬ್ಯಾಂಕಿನಿಂದ ಶೇ 10.5ರ ಬಡ್ಡಿಗೆ 30 ಕೋಟಿ ಸಾಲ ತಂದು ಬಳಸುತ್ತಿದೆಯೇ? 7ಕ್ಕೆ ಇಟ್ಟು 10.5ಕ್ಕೆ ತಂದರೆ ಆ 30 ಕೋಟಿಯ ಮೇಲೆ ವರ್ಷಕ್ಕೆ 1 ಕೋಟಿ 5 ಲಕ್ಷ ಸುಮ್ಮನೆ ಕೈಬಿಡುತ್ತದೆ. ವ್ಯಾಪಾರ ಬಲ್ಲ ಯಾರೂ ಕಾರಣವಿಲ್ಲದೆ ಹಾಗೆ ಮಾಡುವುದಿಲ್ಲ. ಮನೆಯಲ್ಲಿ ಮೂಟೆ ಅಕ್ಕಿ ಇಟ್ಟುಕೊಂಡು ದಿನವೂ ಪಕ್ಕದ ಮನೆಗೆ ಸಾಲ ಅಕ್ಕಿಗೆ ಹೋಗುವವರನ್ನು ಕಂಡರೆ ನಿಮ್ಮ ಅಜ್ಜಿ ಏನು ಕೇಳುತ್ತಾರೋ ಅದನ್ನೇ ಕೇಳಿ.

ಆದರೆ ಇಲ್ಲೊಂದು ತಡೆ ಬೇಕು. ವ್ಯತ್ಯಾಸ ಕಂಡದ್ದು ವಂಚನೆ ಕಂಡಂತಲ್ಲ. ಕಂಪನಿಗೆ ಕಡಿಮೆ ದರದಲ್ಲಿ ಟಿಡಿಎಸ್ ಮುರಿಯಲು ಇಲಾಖೆಯ ಪ್ರಮಾಣಪತ್ರ ಇರಬಹುದು. ಶಾಖೆಯವರು ತಪ್ಪು ಪಾನ್ ನಮೂದಿಸಿರಬಹುದು, ಅದು ಆಗುತ್ತಲೇ ಇರುತ್ತದೆ. ಮೇ ತಿಂಗಳ ಆರಂಭದಲ್ಲಿ ನೋಡಿದರಂತೂ ಕೊನೆಯ ಮೂರು ತಿಂಗಳ ಟಿಡಿಎಸ್ ಕಾಣದೇ ಇರಬಹುದು, ಏಕೆಂದರೆ ಆ ತ್ರೈಮಾಸಿಕದ ವಿವರ ಸಲ್ಲಿಸಲು ಬ್ಯಾಂಕಿಗೆ ಮೇ 31ರವರೆಗೆ ಸಮಯವಿರುತ್ತದೆ. ಆಗಲೂ ಮೊದಲ ಮೂರು ತ್ರೈಮಾಸಿಕದ 21 ಲಕ್ಷವಾದರೂ ಇರಬೇಕಿತ್ತು, 7 ಲಕ್ಷ ಅಲ್ಲ. ಹೀಗೆ ಒಂದೊಂದೇ ನಿರ್ದೋಷಿ ಕಾರಣವನ್ನು ಎತ್ತಿ ನೋಡಿ, ಪ್ರತಿಯೊಂದಕ್ಕೂ ಯಾವ ಕಾಗದ ಸಾಕ್ಷಿಯಾಗುತ್ತದೆ ಎಂದು ಬರೆದುಕೊಳ್ಳಿ. ಪ್ರಮಾಣಪತ್ರ ಇದ್ದರೆ ತೋರಿಸಲಿ. ತಪ್ಪು ಪಾನ್ ಆಗಿದ್ದರೆ ಬ್ಯಾಂಕ್ ಲಿಖಿತವಾಗಿ ಹೇಳಲಿ. ಬಾಯಿಮಾತಿನ ವಿವರಣೆ ಎಷ್ಟೇ ಚೆನ್ನಾಗಿದ್ದರೂ ಅದು ವಿವರಣೆ ಮಾತ್ರ, ಪುರಾವೆಯಲ್ಲ.

ಮೊತ್ತ ತಾಳೆಯಾದ ಕಡೆಯೂ ಪತ್ರವನ್ನು ಕೊನೆಯ ಸಾಲಿನವರೆಗೆ ಓದಿ. ಠೇವಣಿ ನಿಜವಾಗಿ ಇದ್ದು, ಅದನ್ನು ಪ್ರವರ್ತಕರ ಬೇರೊಂದು ಕಂಪನಿಯ ಸಾಲಕ್ಕೆ ಅಡವಿಟ್ಟಿರಬಹುದು. ಬ್ಯಾಂಕಿನವರು ಕೆಳಗೆ ಸಣ್ಣದಾಗಿ 'ಲಿಯನ್ ಮಾರ್ಕ್ ಆಗಿದೆ' ಎಂದು ಬರೆದಿರುತ್ತಾರೆ. ಅಂಕಿಗೆ ಮಾತ್ರ ಟಿಕ್ ಹಾಕಿ ಈ ಸಾಲನ್ನು ಬಿಟ್ಟರೆ, ಕಂಪನಿ ಮುಟ್ಟಲಾಗದ ಹಣವನ್ನು ಕೈಯಲ್ಲಿರುವ ಹಣವೆಂದು ಲೋಕಕ್ಕೆ ಹೇಳಿದಂತಾಗುತ್ತದೆ.

ಸರಿ, 30 ಕೋಟಿಯ ಪ್ರಶ್ನೆ ನಿಮ್ಮ ಕೈಯಲ್ಲಿದೆ. ಅದನ್ನು ಎತ್ತುವುದು ಹೇಗೆ? ಸಿನಿಮಾಗಳಲ್ಲಿ ಇದಕ್ಕೆ ಹಿನ್ನೆಲೆ ಸಂಗೀತ ಇರುತ್ತದೆ, ನಮ್ಮಲ್ಲಿ ಎಕ್ಸೆಲ್ ಹಾಳೆ ಇರುತ್ತದೆ. ಮೊದಲ ಕೆಲಸ, ಅಂದೇ ಬರೆದಿಡುವುದು. ಯಾರಾದರೂ ವಿವರಿಸಿ ಸಮಾಧಾನ ಮಾಡುವ ಮೊದಲೇ ಬರೆಯಬೇಕು, ಏಕೆಂದರೆ ವಿವರಣೆ ಕೇಳಿದ ಮೇಲೆ ನಮಗೆ ಕಂಡದ್ದರ ಚೂಪು ಮೊಂಡಾಗುತ್ತದೆ. ವರ್ಕಿಂಗ್ ಪೇಪರಿನಲ್ಲಿ ಹೀಗೆ ಬರೆದರೆ ಸಾಕು: 'ಈ ಬ್ಯಾಂಕಿನ ಎಫ್‌ಡಿ ಪುಸ್ತಕದಲ್ಲಿ 40 ಕೋಟಿ. ದೃಢೀಕರಣ ಪತ್ರವನ್ನು ಕಂಪನಿಯವರು ತಂದುಕೊಟ್ಟಿದ್ದಾರೆ, ನೇರವಾಗಿ ಬಂದಿಲ್ಲ. 26ಎಎಸ್ ಅನ್ನು ಪೋರ್ಟಲಿನಲ್ಲಿ ನೋಡಿದೆ. ಟಿಡಿಎಸ್ 7 ಲಕ್ಷ, ಇರಬೇಕಾದದ್ದು 28 ಲಕ್ಷ. ಅಕೌಂಟೆಂಟ್ ಅವರನ್ನು ಕೇಳಿದಾಗ ಶಾಖೆಯವರ ತಪ್ಪು ಎಂದರು, ಕಾಗದ ಕೊಟ್ಟಿಲ್ಲ.' ದಿನಾಂಕ, ಹೆಸರು. 'ನಕಲಿ', 'ಮೋಸ' ಎಂಬ ಪದಗಳು ಎಲ್ಲೂ ಇಲ್ಲ, ಗಮನಿಸಿ. ಅವು ತೀರ್ಮಾನಗಳು. ಅವನ್ನು ಬರೆದರೆ ಚರ್ಚೆ ನಿಮ್ಮ ದುಡುಕಿನ ಕಡೆಗೆ ತಿರುಗುತ್ತದೆ. ಕಂಡದ್ದನ್ನಷ್ಟೇ ಬರೆದರೆ 30 ಕೋಟಿಯ ಮೇಲೆಯೇ ನಿಲ್ಲುತ್ತದೆ.

ಆಮೇಲೆ ಸೀನಿಯರ್‌ಗೆ, ಅವರಿಂದ ಮ್ಯಾನೇಜರ್‌ಗೆ ಹೇಳಿ. ಕ್ಲೈಂಟಿನ ಎಂಡಿ ಬಳಿ ನೀವೇ ಹೋಗಿ ಪ್ರಶ್ನಿಸಬೇಡಿ. ಅದು ಧೈರ್ಯವಲ್ಲ, ದಾಖಲೆಗಳನ್ನು ತಿದ್ದಲು ಅವರಿಗೆ ಒಂದು ರಾತ್ರಿ ಕೊಟ್ಟಂತೆ. ಗೆಳೆಯರ ವಾಟ್ಸ್ಯಾಪ್ ಗುಂಪಿನಲ್ಲಿ ಕಂಪನಿಯ ಹೆಸರು ಬೇಡ. ಮನೆಯಲ್ಲಿ ಚಿಕ್ಕಪ್ಪನ ಬಳಿ ಆ ಕಂಪನಿಯ ಷೇರು ಇದ್ದರೂ ಬಾಯಿ ಬಿಡಬೇಡಿ, ಅಲ್ಲಿ ಒಳಮಾಹಿತಿಯ ವ್ಯವಹಾರ ಎಂಬ ಬೇರೆಯೇ ಅಪರಾಧ ಶುರುವಾಗುತ್ತದೆ. ಸತ್ಯ ಹೇಳುವ ಧೈರ್ಯಕ್ಕೂ ಗುಟ್ಟು ಕಾಯುವ ಕರ್ತವ್ಯಕ್ಕೂ ಜಗಳವಿಲ್ಲ, ಎರಡೂ ಒಂದೇ ಕೆಲಸದ ಭಾಗ.

ಮ್ಯಾನೇಜರ್ ಏನು ಹೇಳಬಹುದು ಎಂಬುದೂ ನನಗೆ ಗೊತ್ತು. "ಹಳೇ ಕ್ಲೈಂಟ್ ಕಣಪ್ಪ, ಹಂಗೆಲ್ಲ ಇರಲ್ಲ." "ಇದು ಪಾರ್ಟ್‌ನರ್ ಲೆವೆಲ್ಲಿನ ವಿಷಯ, ನೀನು ನಿನ್ನ ವೌಚಿಂಗ್ ಮುಗಿಸು." ಆಡಿಟರ್ ಕಾವಲು ನಾಯಿಯೇ ಹೊರತು ಬೇಟೆ ನಾಯಿಯಲ್ಲ ಎಂಬ, 1896ರ ಇಂಗ್ಲೆಂಡಿನ ಕಿಂಗ್‌ಸ್ಟನ್ ಕಾಟನ್ ಮಿಲ್ ತೀರ್ಪಿನ ಮಾತನ್ನೂ ಯಾರಾದರೂ ಎಳೆದು ತರುತ್ತಾರೆ. ಅದನ್ನು ಉದ್ಧರಿಸುವವರು, ಕಾವಲು ನಾಯಿಯಾದರೂ ಬೊಗಳಬೇಕಲ್ಲ ಎಂಬುದನ್ನು ಮರೆತಿರುತ್ತಾರೆ. ಇಂಥ ಮಾತು ಬಂದಾಗ ಒಂದೇ ಪ್ರಶ್ನೆ ಕೇಳಿ: "ಸರ್, ಹಾಗಾದರೆ ಈ ಪಾಯಿಂಟನ್ನು ಹೇಗೆ ಕ್ಲೋಸ್ ಮಾಡಿದ್ವಿ ಅಂತ ಫೈಲಲ್ಲಿ ಬರೀಲಿ?" ಇದು ಎದುರುತ್ತರವಲ್ಲ, ಕೆಲಸದ ಪ್ರಶ್ನೆ. ಬರೆಯಬಹುದಾದ ಕಾರಣ ಯಾವುದೂ ಇಲ್ಲವೆಂಬುದು ಆ ಕ್ಷಣ ಇಬ್ಬರಿಗೂ ತಿಳಿಯುತ್ತದೆ. ನಾನು ಕಂಡ ಹೆಚ್ಚಿನ ಮ್ಯಾನೇಜರ್‌ಗಳು ಅಲ್ಲಿಗೆ ಬಂದಾಗ ಫೋನ್ ಎತ್ತಿದ್ದಾರೆ. ಅವರು ಕೆಟ್ಟವರಲ್ಲ, ದಣಿದವರು.

ಎತ್ತದಿದ್ದರೆ? ನಮ್ಮ ಮಾನದಂಡಗಳು ಇದನ್ನು ಮೊದಲೇ ಯೋಚಿಸಿವೆ. ತಂಡದೊಳಗೆ ಅಭಿಪ್ರಾಯಭೇದ ಬಂದರೆ ಅದನ್ನು ಬಗೆಹರಿಸುವ ಕ್ರಮ ಪ್ರತಿ ಫರ್ಮಿನಲ್ಲೂ ಇರಬೇಕು, ಅದು ಬಗೆಹರಿಯುವ ತನಕ ವರದಿಗೆ ದಿನಾಂಕ ಹಾಕುವಂತಿಲ್ಲ. ಹಾಗಾಗಿ ಮ್ಯಾನೇಜರನ್ನು ದಾಟಿ ಪಾರ್ಟ್‌ನರ್ ಬಳಿ ಹೋಗುವುದು ಚಾಡಿಯಲ್ಲ. 'ನಾಳೆ ಬೆಳಿಗ್ಗೆ ಈ ವಿಷಯ ಪಾರ್ಟ್‌ನರ್‌ಗೆ ಹೇಳ್ತೀನಿ ಸರ್' ಎಂದು ಮುಂಚೆಯೇ ತಿಳಿಸಿ ಹೋಗಿ, ಬೆನ್ನ ಹಿಂದೆ ಹೋಗಬೇಡಿ. ಬರೆದ ಟಿಪ್ಪಣಿಯನ್ನು ಅಳಿಸು ಎಂದು ಯಾರು ಹೇಳಿದರೂ ಅಳಿಸಬೇಡಿ. ಉತ್ತರ ಸಿಕ್ಕಿದ್ದರೆ ಅದರ ಕೆಳಗೆ ಉತ್ತರವನ್ನು ಸೇರಿಸಿ. ವರದಿಯ ದಿನದಿಂದ ಸಾಮಾನ್ಯವಾಗಿ 60 ದಿನದೊಳಗೆ ಫೈಲು ಕಟ್ಟಿ ಮುಚ್ಚಬೇಕು, ಆಮೇಲೆ ಅದರಿಂದ ಒಂದು ಹಾಳೆಯನ್ನೂ ತೆಗೆಯುವಂತಿಲ್ಲ, ಏಳು ವರ್ಷ ಕಾಪಾಡಬೇಕು. 2018ರಲ್ಲಿ ಸ್ಥಾಪನೆಯಾದ ಎನ್‌ಎಫ್‌ಆರ್‌ಎ ಈಗ ದೊಡ್ಡ ಕಂಪನಿಗಳ ಆಡಿಟ್ ಫೈಲುಗಳನ್ನು ತರಿಸಿ ಹಾಳೆಹಾಳೆಯಾಗಿ ಓದುತ್ತದೆ. ಮಾಡಿದೆವು ಎಂದು ಬಾಯಲ್ಲಿ ಹೇಳಿದ್ದು ಅಲ್ಲಿ ನಡೆಯುವುದಿಲ್ಲ.

ನನ್ನ ಮೇಜಿಗೆ ಬಂದ ಮೇಲೆ ಭಾರ ನನ್ನದು. ಬ್ಯಾಂಕಿಗೆ ಹೊಸ ಪತ್ರ ಹೋಗುತ್ತದೆ, ಈ ಬಾರಿ ಶಾಖೆಯ ಜೊತೆಗೆ ಪ್ರಾದೇಶಿಕ ಕಚೇರಿಗೂ. 30 ಕೋಟಿ ಇಲ್ಲವೆಂದು ತಿಳಿದರೆ, ಕಂಪನಿಯ ಅಧಿಕಾರಿ ಅಥವಾ ನೌಕರರು ಕಂಪನಿಗೆ ವಂಚಿಸಿದ್ದಾರೆ ಎಂದು ನಂಬಲು ಕಾರಣ ಸಿಕ್ಕರೆ, ಕಂಪನಿ ಕಾಯ್ದೆಯ 143(12)ನೇ ಕಲಂ ಅನ್ವಯವಾಗುತ್ತದೆ. ಮೊತ್ತ 1 ಕೋಟಿ ಮುಟ್ಟಿದರೆ, ತಿಳಿದ ಎರಡು ದಿನದೊಳಗೆ ನಿರ್ದೇಶಕ ಮಂಡಳಿಗೆ ಅಥವಾ ಆಡಿಟ್ ಸಮಿತಿಗೆ ಬರೆಯಬೇಕು. ಉತ್ತರಕ್ಕೆ ಅವರಿಗೆ 45 ದಿನ. ಉತ್ತರ ಬಂದ 15 ದಿನದೊಳಗೆ ಅದರೊಡನೆ, ಬಾರದಿದ್ದರೆ ಅದಿಲ್ಲದೆಯೇ, ಕೇಂದ್ರ ಸರ್ಕಾರಕ್ಕೆ ವರದಿ ಹೋಗಬೇಕು. ಈ ನಡುವೆ ರಾಜೀನಾಮೆ ಕೊಟ್ಟು ಹೊರನಡೆದು ಕೈತೊಳೆದುಕೊಳ್ಳೋಣ ಎಂದರೆ ಆಗುವುದಿಲ್ಲ. ರಾಜೀನಾಮೆ ಕೊಟ್ಟರೂ ವಂಚನೆಯನ್ನು ವರದಿ ಮಾಡುವ ಹೊಣೆ ತಪ್ಪದು ಎಂದು ಎನ್‌ಎಫ್‌ಆರ್‌ಎ 2023ರಲ್ಲಿ ಸ್ಪಷ್ಟಪಡಿಸಿದೆ. ಅದು ಸರಿಯೆಂದೇ ನನ್ನ ಅಭಿಪ್ರಾಯ. 'ಪೂರ್ವನಿಗದಿತ ಕಾರ್ಯಗಳ ಒತ್ತಡ' ಎಂಬ ಒಂದು ಸಾಲಿನ ರಾಜೀನಾಮೆ ಪತ್ರ ನಮ್ಮ ವೃತ್ತಿಗೆ ಶೋಭೆ ತರುವ ಬರಹವಲ್ಲ.

ನಿಮ್ಮ ಭಯವನ್ನು ಹಗುರವಾಗಿ ತೆಗೆದುಕೊಂಡರೆ ಈ ಉಪನ್ಯಾಸ ಸುಳ್ಳಾಗುತ್ತದೆ. ಆರ್ಟಿಕಲ್‌ಶಿಪ್ ನಡುವೆ ಫರ್ಮ್ ಬದಲಿಸುವುದು ಸುಲಭವಲ್ಲ. ನಿಮ್ಮ ರಜೆ, ಸ್ಟೈಪೆಂಡ್, ಪರೀಕ್ಷೆಯ ಬಿಡುವು ಎಲ್ಲವೂ ನಮ್ಮ ಕೈಯಲ್ಲಿದೆ. ಕ್ಲೈಂಟ್ ದೂರು ಹೇಳಿದರೆ ಮೊದಲು ಕೇಳಿಸಿಕೊಳ್ಳುವುದು ಮ್ಯಾನೇಜರ್ ಮಾತನ್ನು, ನಿಮ್ಮದನ್ನಲ್ಲ. ಆಡಿಟ್ ಶುಲ್ಕವನ್ನು ಆಡಿಟ್‌ಗೆ ಒಳಗಾಗುವವರೇ ಕೊಡುತ್ತಾರೆ ಎಂಬ ಈ ವ್ಯವಸ್ಥೆಯ ಮೂಲದ ತೊಡಕು ಪಾರ್ಟ್‌ನರ್‌ಗಳನ್ನೂ ಬಿಟ್ಟಿಲ್ಲ. ಪಟ್ಟಿಮಾಡಿದ ಕಂಪನಿಗಳಲ್ಲಿ ದೂರು ಹೇಳಲು ವಿಜಿಲ್ ಮೆಕ್ಯಾನಿಸಂ ಎಂಬ ಏರ್ಪಾಡು ಕಡ್ಡಾಯ, ಆದರೆ ಆಡಿಟ್ ಫರ್ಮಿನ ಆರ್ಟಿಕಲ್‌ಗೆ ಅದರಿಂದ ಸಿಗುವ ರಕ್ಷಣೆ ಅತ್ಯಲ್ಪ. ಆದ್ದರಿಂದ ಧೈರ್ಯದ ಹೊರೆಯನ್ನೆಲ್ಲ ಇಪ್ಪತ್ತು ವರ್ಷದವರ ತಲೆಯ ಮೇಲೆ ಹೊರಿಸಿ, ಹಿರಿಯರು ವೇದಿಕೆಯ ಮೇಲೆ ಕೂತು ಚಪ್ಪಾಳೆ ತಟ್ಟುವುದು ಅನ್ಯಾಯ. ನಿಮ್ಮ ಪಾಲಿನದು ಎರಡೇ: ಲಕೋಟೆಯನ್ನು ಕೈಬಿಡದಿರುವುದು, ಕಂಡ ವ್ಯತ್ಯಾಸವನ್ನು ಅಂದೇ ಬರೆಯುವುದು. ಉಳಿದದ್ದು ಮುಂದಿನ ಸಾಲಿನಲ್ಲಿ ಕೂತಿರುವ ನನ್ನ ಸಹೋದ್ಯೋಗಿಗಳದು. ಅವರಿಗೆ ಒಂದು ಮಾತು ಹೇಳಲೇಬೇಕು. ಪ್ರಶ್ನೆ ತಂದ ಹುಡುಗಿಗೆ ನೀವು ಮೊದಲು ಕೊಡುವ ಮುಖಭಾವವೇ ಅವಳು ಎರಡನೆಯ ಪ್ರಶ್ನೆ ತರುತ್ತಾಳೋ ಇಲ್ಲವೋ ಎಂಬುದನ್ನು ತೀರ್ಮಾನಿಸುತ್ತದೆ. ಹತ್ತು ಪ್ರಶ್ನೆಯಲ್ಲಿ ಒಂಬತ್ತಕ್ಕೆ ಸರಳ ಉತ್ತರ ಇದ್ದೇ ಇರುತ್ತದೆ. ಆ ಒಂಬತ್ತಕ್ಕೂ ಸಿಡುಕದೆ ಸಮಯ ಕೊಟ್ಟ ಫರ್ಮಿಗೆ ಮಾತ್ರ ಹತ್ತನೆಯದು ತಲುಪುತ್ತದೆ.

ಬರುವ ಏಪ್ರಿಲ್‌ನಿಂದ ನಮ್ಮ ಫರ್ಮಿನ ಬ್ಯಾಂಕ್ ದೃಢೀಕರಣದ ಹಾಳೆಯಲ್ಲಿ ಎರಡು ಹೊಸ ಕಾಲಂ ಇರುತ್ತವೆ: ಪತ್ರವನ್ನು ಅಂಚೆಗೆ ಹಾಕಿದವರು ಯಾರು, ಉತ್ತರ ನಮಗೆ ಬಂದದ್ದು ಹೇಗೆ. ನಿಮ್ಮ ಹೆಸರನ್ನೇ ಬರೆಯಿರಿ, ಕ್ಲೈಂಟ್ ಕೈಯಿಂದ ಬಂದಿದ್ದರೆ ಹಾಗೆಂದೇ ಬರೆಯಿರಿ. ಆ ಕಾಲಂ ಖಾಲಿ ಇರುವ ಫೈಲಿಗೆ ನಾನು ಸಹಿ ಹಾಕುವುದಿಲ್ಲ.